ಪರೀಕ್ಷಾ ಕಾಲದ ರಾತ್ರಿ ಓದು ಮತ್ತು ನೆನಪಿನ ದೃಢೀಕರಣ

ಪರೀಕ್ಷಾ ಕಾಲದ ರಾತ್ರಿ ಓದು ಎಂದರೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆಯನ್ನು ಪೂರ್ಣವಾಗಿ ಅಥವಾ ಬಹುಪಾಲು ಕೈಬಿಟ್ಟು ಬೆಳಗಿನವರೆಗೆ ಓದುವ ಪದ್ಧತಿ. ನೆನಪಿನ ದೃಢೀಕರಣ ಎಂದರೆ ಹೊಸದಾಗಿ ಕಲಿತ ವಿಷಯವು ಮಿದುಳಿನಲ್ಲಿ ಕ್ರಮೇಣ ಸ್ಥಿರಗೊಂಡು ದೀರ್ಘಕಾಲ ಉಳಿಯುವ ರೂಪಕ್ಕೆ ಬದಲಾಗುವ ಪ್ರಕ್ರಿಯೆ. ಈ ಪ್ರಕ್ರಿಯೆಯ ಮುಖ್ಯ ಭಾಗವು ನಿದ್ರೆಯಲ್ಲಿ ನಡೆಯುವುದರಿಂದ, ರಾತ್ರಿಯಿಡೀ ಓದುವ ವಿದ್ಯಾರ್ಥಿಯು ಹೆಚ್ಚುವರಿ ಗಂಟೆಗಳನ್ನು ಪಡೆಯುವುದರ ಜೊತೆಗೆ ಆಗಲೇ ಓದಿದ್ದನ್ನು ಭದ್ರಪಡಿಸುವ ಅವಕಾಶವನ್ನು ಕಳೆದುಕೊಳ್ಳುತ್ತಾನೆ. ಒಂದರ ಹಿಂದೆ ಒಂದರಂತೆ ಹಲವು ಪತ್ರಿಕೆಗಳಿರುವ ಸೆಮಿಸ್ಟರ್ ಪರೀಕ್ಷೆಗಳಲ್ಲಿ ಈ ನಷ್ಟವು ಮರುದಿನದ ಪತ್ರಿಕೆಗಷ್ಟೇ ಸೀಮಿತವಾಗದೆ, ಅದರ ನಂತರದ ಪತ್ರಿಕೆಯ ತಯಾರಿಯ ಮೇಲೂ ಪರಿಣಾಮ ಬೀರುತ್ತದೆ.

## ಹಿನ್ನೆಲೆ

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಪದ್ಧತಿ ರೂಢಿಯಲ್ಲಿದ್ದು, ಕೆಲವೇ ವಾರಗಳಲ್ಲಿ ಎಲ್ಲ ವಿಷಯಗಳ ಲಿಖಿತ ಪರೀಕ್ಷೆಗಳು ಮುಗಿಯುತ್ತವೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಶಿಗ್ಲಿಯಂತಹ ಗ್ರಾಮಗಳಿಂದ ಪದವಿ ಓದುವವರು ಲಕ್ಷ್ಮೇಶ್ವರ, ಗದಗ-ಬೆಟಗೇರಿ ಮೊದಲಾದ ಊರುಗಳ ಕಾಲೇಜುಗಳನ್ನು ಅವಲಂಬಿಸಬೇಕಾಗುತ್ತದೆ. ಮನೆಯಿಂದಲೇ ಓಡಾಡುವವರಿಗೆ ಪ್ರಯಾಣದ ಸಮಯವೂ ರಾತ್ರಿಯ ಲೆಕ್ಕದೊಳಗೆ ಸೇರುತ್ತದೆ. ಬೆಳಿಗ್ಗೆ 9:30ಕ್ಕೆ ಪರೀಕ್ಷೆಯಿದ್ದರೆ ಸುಮಾರು 8 ಗಂಟೆಗೆ ಮನೆ ಬಿಡಬೇಕು. ಆದ್ದರಿಂದ ನಿದ್ರೆಯ ಕೊನೆಯ ಗಡಿ ಮೊದಲೇ ನಿಶ್ಚಿತವಾಗಿರುತ್ತದೆ.

ಲಕ್ಷ್ಮೇಶ್ವರದ ಅಗಡಿ ಇಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ. ಈ ವಿಶ್ವವಿದ್ಯಾಲಯದಲ್ಲಿ ಪ್ರಚಲಿತವಿರುವ ಪ್ರಶ್ನೆಪತ್ರಿಕೆಯ ಮಾದರಿಯಲ್ಲಿ ಪಠ್ಯವನ್ನು ಐದು ಮಾಡ್ಯೂಲುಗಳಾಗಿ ವಿಂಗಡಿಸಿರುತ್ತಾರೆ. ಪ್ರತಿ ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆಗಳಿದ್ದು, ಅವುಗಳಲ್ಲಿ ಒಂದಕ್ಕೆ ಉತ್ತರಿಸಬೇಕು. ಪ್ರತಿ ಪ್ರಶ್ನೆಗೆ 20 ಅಂಕ, ಪತ್ರಿಕೆಗೆ ಒಟ್ಟು 100 ಅಂಕ, ಅವಧಿ 3 ಗಂಟೆ. ಒಂದು ಮಾಡ್ಯೂಲನ್ನು ಬಿಟ್ಟರೆ 20 ಅಂಕ ಹೋಯಿತು ಎಂಬ ಈ ಸ್ಪಷ್ಟ ಲೆಕ್ಕವೇ ಕೊನೆಯ ರಾತ್ರಿಯ ಜಾಗರಣೆಗೆ ಬಹುಮಟ್ಟಿಗೆ ಕಾರಣವಾಗುತ್ತದೆ.

## ನಿದ್ರೆಯಲ್ಲಿ ನೆನಪು ಗಟ್ಟಿಯಾಗುವ ಬಗೆ

ಕಲಿತ ವಿಷಯವು ತಕ್ಷಣವೇ ಸ್ಥಿರವಾಗುವುದಿಲ್ಲ, ಅದಕ್ಕೆ ಕಾಲಾವಕಾಶ ಬೇಕು ಎಂಬ ಕಲ್ಪನೆಯನ್ನು ಜರ್ಮನಿಯ ಗೇಯಾರ್ಗ್ ಎಲಿಯಾಸ್ ಮ್ಯುಲರ್ ಮತ್ತು ಆಲ್ಫೋನ್ಸ್ ಪಿಲ್ಟ್ಸೆಕರ್ ಅವರು 1900ರಲ್ಲಿ ಮಂಡಿಸಿದರು. ಇಂದಿನ ತಿಳಿವಳಿಕೆಯ ಪ್ರಕಾರ ಓದಿದ ಸಂಗತಿಗಳು, ವ್ಯಾಖ್ಯೆಗಳು ಮತ್ತು ಘಟನೆಗಳು ಮೊದಲು ಮಿದುಳಿನ ಒಳಭಾಗದಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಅಂಗದ ನೆರವಿನಿಂದ ದಾಖಲಾಗುತ್ತವೆ. ಈ ದಾಖಲೆ ಬೇಗ ಮೂಡುತ್ತದೆ, ಆದರೆ ಸುಲಭವಾಗಿ ಅಳಿಯುತ್ತದೆ. ಕಾಲಕ್ರಮೇಣ ಅದು ಮಿದುಳಿನ ಹೊರಪದರದಲ್ಲಿ ಹಳೆಯ ತಿಳಿವಳಿಕೆಯೊಂದಿಗೆ ಹೆಣೆದುಕೊಂಡಾಗ ಹೆಚ್ಚು ಬಾಳಿಕೆ ಬರುತ್ತದೆ.

ಈ ಹೆಣಿಗೆಗೆ ಆಳನಿದ್ರೆಯು ವಿಶೇಷವಾಗಿ ಅನುಕೂಲಕರವಾಗಿದೆ. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಅವರು ಇಲಿಗಳ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಚಟುವಟಿಕೆಯನ್ನು ದಾಖಲಿಸಿದರು. ಎಚ್ಚರವಾಗಿ ಓಡಾಡುವಾಗ ಒಟ್ಟಿಗೆ ಚುರುಕಾಗಿದ್ದ ಕೋಶಗಳು ಆನಂತರದ ನಿದ್ರೆಯಲ್ಲಿಯೂ ಒಟ್ಟಿಗೆ ಚುರುಕಾಗುತ್ತಿದ್ದವು. ದಿನದ ಕಲಿಕೆಯನ್ನು ಮಿದುಳು ನಿದ್ರೆಯಲ್ಲಿ ಮರುಕಳಿಸುತ್ತದೆ ಎಂಬ ವಿವರಣೆಗೆ ಈ ಪ್ರಯೋಗವು ಬಲವಾದ ಆಧಾರವಾಯಿತು.

ರಾತ್ರಿಯ ನಿದ್ರೆಯು ಸುಮಾರು 90 ನಿಮಿಷಗಳ ಆವರ್ತಗಳಾಗಿ ಸಾಗುತ್ತದೆ. ಮೊದಲ ಆವರ್ತಗಳಲ್ಲಿ ಆಳನಿದ್ರೆ ಹೆಚ್ಚು. ಬೆಳಗಿನ ಜಾವದತ್ತ ಸಾಗಿದಂತೆ ಆಳನಿದ್ರೆ ಕಡಿಮೆಯಾಗಿ, ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಕನಸಿನ ನಿದ್ರೆ ಹೆಚ್ಚುತ್ತದೆ. 1997ರಲ್ಲಿ ವರ್ನರ್ ಪ್ಲಿಹಾಲ್ ಮತ್ತು ಯಾನ್ ಬಾರ್ನ್ ಅವರು ರಾತ್ರಿಯ ಈ ಎರಡು ಭಾಗಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. ಪದಜೋಡಿಗಳ ನೆನಪಿಗೆ ಮೊದಲ ಭಾಗದ ನಿದ್ರೆಯೂ, ಕನ್ನಡಿಯಲ್ಲಿ ನೋಡಿ ಚಿತ್ರ ತಿದ್ದುವಂತಹ ಕೈಚಳಕಕ್ಕೆ ಕೊನೆಯ ಭಾಗದ ನಿದ್ರೆಯೂ ಹೆಚ್ಚು ನೆರವಾದವು. ವಿವರಣಾತ್ಮಕ ಪತ್ರಿಕೆ ಬರೆಯುವ ವಿದ್ಯಾರ್ಥಿಗೆ ಇದರಲ್ಲಿ ಒಂದು ಪ್ರಾಯೋಗಿಕ ಸೂಚನೆಯಿದೆ. ನಿದ್ರೆಯನ್ನು ಮೊಟಕುಗೊಳಿಸಲೇಬೇಕಾದಾಗಲೂ ಮೊದಲ ಕೆಲವು ಗಂಟೆಗಳನ್ನು ಉಳಿಸಿಕೊಳ್ಳುವುದು ಲೇಸು.

## ಪ್ರಯೋಗಗಳು

### ನಿದ್ರೆ ಮತ್ತು ಮರೆವು

ಈ ಕ್ಷೇತ್ರದ ಪ್ರಸಿದ್ಧ ಆರಂಭಿಕ ಪ್ರಯೋಗ ನಡೆದದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆಯೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಜೆಂಕಿನ್ಸ್ ಮತ್ತು ಕಾರ್ಲ್ ಡಾಲೆನ್‌ಬಾಕ್ ಅವರು 1924ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬ್ಬರು ವಿದ್ಯಾರ್ಥಿಗಳು ಹತ್ತು ಹತ್ತು ಅರ್ಥರಹಿತ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡಿದರು. 1, 2, 4 ಅಥವಾ 8 ಗಂಟೆಗಳ ನಂತರ ಅವುಗಳನ್ನು ನೆನಪಿಸಿಕೊಳ್ಳಬೇಕಿತ್ತು. 8 ಗಂಟೆ ನಿದ್ರಿಸಿದ ನಂತರ ಅರ್ಧಕ್ಕಿಂತ ಹೆಚ್ಚು ಗುಚ್ಛಗಳು ನೆನಪಿನಲ್ಲಿದ್ದವು. 8 ಗಂಟೆ ಎಚ್ಚರವಿದ್ದ ನಂತರ ಸರಾಸರಿ ಒಂದರಷ್ಟೂ ಉಳಿದಿರಲಿಲ್ಲ. ಎಚ್ಚರದ ಸ್ಥಿತಿಯ ಹೊಸ ಅನುಭವಗಳು ಹಳೆಯ ನೆನಪನ್ನು ಮಸುಕುಗೊಳಿಸುತ್ತವೆ ಎಂದು ಇಬ್ಬರೂ ವಿವರಿಸಿದರು. ನಿದ್ರೆಯು ಇಂತಹ ಅಡ್ಡಿಯನ್ನು ತಪ್ಪಿಸುವುದಷ್ಟೇ ಅಲ್ಲ, ನೆನಪನ್ನು ಸಕ್ರಿಯವಾಗಿ ಬಲಪಡಿಸುತ್ತದೆ ಎಂಬ ನಿಲುವು ಬೆಳೆದದ್ದು ಆನಂತರದ ದಶಕಗಳಲ್ಲಿ.

### ನಿದ್ದೆಗೆಟ್ಟ ಮಿದುಳಿನ ಗ್ರಹಣಶಕ್ತಿ

ಓದಿದ ಮೇಲೆ ಬರುವ ನಿದ್ರೆಯಂತೆಯೇ ಓದುವ ಮೊದಲಿನ ನಿದ್ರೆಯೂ ಮುಖ್ಯ. 2007ರಲ್ಲಿ ಸಿಯುಂಗ್-ಶಿಕ್ ಯೂ, ಮ್ಯಾಥ್ಯೂ ವಾಕರ್ ಮತ್ತು ಸಹೋದ್ಯೋಗಿಗಳು ಯುವಕ ಯುವತಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಿಸಿದರು. ಮರುದಿನ ಎರಡೂ ಗುಂಪುಗಳಿಗೆ ಚಿತ್ರಗಳನ್ನು ತೋರಿಸಲಾಯಿತು. ಆನಂತರ ಎಲ್ಲರಿಗೂ ಎರಡು ರಾತ್ರಿ ಚೆನ್ನಾಗಿ ನಿದ್ರಿಸಲು ಬಿಟ್ಟು ನೆನಪನ್ನು ಪರೀಕ್ಷಿಸಲಾಯಿತು. ಪರೀಕ್ಷೆಯ ವೇಳೆಗೆ ದಣಿವು ಕಳೆದಿದ್ದರೂ ನಿದ್ದೆಗೆಟ್ಟು ಚಿತ್ರಗಳನ್ನು ನೋಡಿದ್ದ ಗುಂಪಿನ ನೆನಪು ಸುಮಾರು 19% ಕಡಿಮೆಯಿತ್ತು. ಚಿತ್ರಗಳನ್ನು ನೋಡುವ ಸಮಯದಲ್ಲಿ ಅವರ ಹಿಪ್ಪೊಕ್ಯಾಂಪಸ್‌ನ ಚಟುವಟಿಕೆಯೂ ಕುಗ್ಗಿತ್ತು. ದಾಖಲಾಗದೆ ಹೋದದ್ದನ್ನು ಮುಂದಿನ ನಿದ್ರೆ ಮರಳಿ ತರಲಾರದು. ಸೋಮವಾರದ ಪತ್ರಿಕೆಗಾಗಿ ಭಾನುವಾರ ರಾತ್ರಿ ಜಾಗರಣೆ ಮಾಡಿದವರು ಬುಧವಾರದ ಪತ್ರಿಕೆಗೆ ಸೋಮವಾರ ಸಂಜೆ ಓದಲು ಕುಳಿತಾಗ ಇದೇ ಸ್ಥಿತಿಯಲ್ಲಿರುತ್ತಾರೆ.

### ಒಂದು ಗಂಟೆಯ ಓದು ಅಥವಾ ಒಂದು ಗಂಟೆಯ ನಿದ್ರೆ

ಉಳಿದಿರುವ ಸಮಯದಲ್ಲಿ ಓದುವುದೋ ಮಲಗುವುದೋ ಎಂಬ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಅಧ್ಯಯನವೊಂದನ್ನು ಸಿಂಗಪುರದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. 84 ಮಂದಿ ಯುವಜನರು ಇರುವೆ ಮತ್ತು ಏಡಿಗಳ ಪ್ರಭೇದಗಳ ಬಗ್ಗೆ ವಿವರವಾದ ಮಾಹಿತಿಯನ್ನು ಕಲಿತರು. ಕಲಿಕೆಯ ನಡುವಿನ ಒಂದು ಗಂಟೆಯಲ್ಲಿ ಒಂದು ಗುಂಪು ಮಲಗಿತು, ಇನ್ನೊಂದು ಅದೇ ಪಾಠವನ್ನು ಮತ್ತೆ ಓದಿತು, ಮೂರನೆಯದು ಬಿಡುವು ಪಡೆಯಿತು. ಕಲಿಕೆ ಮುಗಿದ ಅರ್ಧ ಗಂಟೆಯ ನಂತರ ನಡೆದ ಪರೀಕ್ಷೆಯಲ್ಲಿ ಮಲಗಿದವರೂ ಓದಿದವರೂ ಬಿಡುವು ಪಡೆದವರಿಗಿಂತ ಮುಂದಿದ್ದರು. ಒಂದು ವಾರದ ನಂತರ ಮಲಗಿದವರ ಮುನ್ನಡೆ ಉಳಿದಿತ್ತು. ಮತ್ತೆ ಓದಿದವರ ಮುನ್ನಡೆ ಗಣನೀಯವಾಗಿ ಉಳಿದಿರಲಿಲ್ಲ. ಕೊನೆಯ ಗಳಿಗೆಯ ಓದು ತಕ್ಷಣದ ಪರೀಕ್ಷೆಯಲ್ಲಿ ಫಲ ಕೊಡುವುದು ನಿಜ. ಆದ್ದರಿಂದಲೇ ಆ ಅಭ್ಯಾಸ ಮುಂದುವರಿಯುತ್ತದೆ. ಆದರೆ ಆ ಫಲ ಬಹಳ ದಿನ ಬಾಳುವುದಿಲ್ಲ.

### ಒಂದು ರಾತ್ರಿ ಮತ್ತು ಒಂದು ತಿಂಗಳು

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಆರಂಭಿಕ ತರಗತಿಯ ವಿದ್ಯಾರ್ಥಿಗಳ ಮಣಿಕಟ್ಟಿಗೆ ನಿದ್ರೆಯನ್ನು ಅಳೆಯುವ ಪಟ್ಟಿಯನ್ನು ಕಟ್ಟಿ ಒಂದು ಸೆಮಿಸ್ಟರ್ ಕಾಲ ಅಧ್ಯಯನ ಮಾಡಲಾಯಿತು. 2019ರಲ್ಲಿ ಪ್ರಕಟವಾದ ಇದರ ಫಲಿತಾಂಶ ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ರೆಗೂ ಅಂಕಗಳಿಗೂ ಸಂಬಂಧ ಕಂಡುಬರಲಿಲ್ಲ. ಆ ಪಾಠಗಳನ್ನು ಕಲಿಯುತ್ತಿದ್ದ ಹಿಂದಿನ ವಾರ ಮತ್ತು ತಿಂಗಳಿನ ನಿದ್ರೆಯ ಅವಧಿ, ಗುಣಮಟ್ಟ ಹಾಗೂ ನಿಯಮಿತತೆಗಳಿಗೆ ಸ್ಪಷ್ಟ ಸಂಬಂಧವಿತ್ತು. ವಿದ್ಯಾರ್ಥಿಗಳ ನಡುವಿನ ಅಂಕಗಳ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗವು ಈ ನಿದ್ರೆಯ ಅಳತೆಗಳೊಂದಿಗೆ ಹೊಂದಿಕೊಂಡಿತ್ತು. ಪ್ರತಿದಿನದ ಪಾಠಕ್ಕೆ ಆ ದಿನದ ರಾತ್ರಿಯ ನಿದ್ರೆಯೇ ಬೇಕು, ಕೊನೆಯ ದಿನ ಒಂದೇ ಬಾರಿಗೆ ಅದನ್ನು ತುಂಬಿಕೊಡಲಾಗದು ಎಂಬ ವಿವರಣೆಗೆ ಇದು ಹೊಂದುತ್ತದೆ.

## ಉದಾಹರಣೆ: ಒಂದು ಪರೀಕ್ಷಾ ರಾತ್ರಿಯ ಲೆಕ್ಕ

ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಓಡಾಡುವ ವಿದ್ಯಾರ್ಥಿಯೊಬ್ಬನಿಗೆ ಸೋಮವಾರ ಬೆಳಿಗ್ಗೆ 9:30ಕ್ಕೆ ಒಂದು ಪತ್ರಿಕೆ, ಬುಧವಾರ ಇನ್ನೊಂದು ಪತ್ರಿಕೆ ಇದೆ ಎಂದು ಭಾವಿಸಬಹುದು. ಭಾನುವಾರ ಬೆಳಿಗ್ಗೆ 6ಕ್ಕೆ ಎದ್ದ ಅವನು ರಾತ್ರಿ 10ರ ವೇಳೆಗೆ ನಾಲ್ಕು ಮಾಡ್ಯೂಲುಗಳನ್ನು ಓದಿ ಮುಗಿಸಿದ್ದಾನೆ. ಐದನೆಯದನ್ನು ಮುಟ್ಟಿಲ್ಲ.

ಮೊದಲನೆಯ ದಾರಿಯಲ್ಲಿ ಅವನು ಬೆಳಗಿನ 6ರವರೆಗೆ 8 ಗಂಟೆ ಓದುತ್ತಾನೆ. ಐದನೆಯ ಮಾಡ್ಯೂಲು ಮುಗಿಯುತ್ತದೆ, ಉಳಿದವುಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸುವುದೂ ಆಗುತ್ತದೆ. ಪತ್ರಿಕೆ ಕೈಗೆ ಬಂದಾಗ ಅವನು ಇಪ್ಪತ್ತೇಳೂವರೆ ಗಂಟೆಗಳಿಂದ ಎಚ್ಚರವಿದ್ದಾನೆ, ಬರೆದು ಮುಗಿಸುವಾಗ ಮೂವತ್ತೂವರೆ ಗಂಟೆ. ಭಾನುವಾರದ ಓದು ನಿದ್ರೆಯ ದೃಢೀಕರಣಕ್ಕೆ ಒಳಪಟ್ಟಿಲ್ಲ. ಮನೆಗೆ ಬಂದು ಮಧ್ಯಾಹ್ನ ಮಲಗಿದವನು ಸಂಜೆ ಎದ್ದರೆ ಆ ರಾತ್ರಿ ಬೇಗ ನಿದ್ರೆ ಬರುವುದಿಲ್ಲ. ಹೀಗೆ ಬುಧವಾರದ ಪತ್ರಿಕೆಗೆ ಮೀಸಲಾದ ಎರಡು ದಿನಗಳಲ್ಲಿ ಮೊದಲನೆಯದು ಕೈತಪ್ಪುತ್ತದೆ.

ಎರಡನೆಯ ದಾರಿಯಲ್ಲಿ ಅವನು 10ರಿಂದ 11:30ರವರೆಗೆ ಐದನೆಯ ಮಾಡ್ಯೂಲಿನ ಪ್ರಮುಖ ಭಾಗಗಳನ್ನು ಮಾತ್ರ ಓದುತ್ತಾನೆ. ಎರಡು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿರುವುದರಿಂದ ಪೂರ್ತಿ ಮಾಡ್ಯೂಲು ಓದದಿದ್ದರೂ ಸ್ವಲ್ಪ ಅಂಕಗಳಿಗೆ ಆಸ್ಪದವಿದೆ. 12ರಿಂದ 6ರವರೆಗೆ ಮಲಗಿದರೆ ಸುಮಾರು ನಾಲ್ಕು ಆವರ್ತಗಳ ನಿದ್ರೆ ದೊರೆಯುತ್ತದೆ. 6:15ರಿಂದ 7:30ರವರೆಗೆ ಪುಸ್ತಕ ಮುಚ್ಚಿ ಪ್ರತಿ ಮಾಡ್ಯೂಲಿನ ಮುಖ್ಯಾಂಶಗಳನ್ನು ಹಾಳೆಯ ಮೇಲೆ ಬರೆದು, ನೆನಪಾಗದ್ದನ್ನು ಮಾತ್ರ ತೆರೆದು ನೋಡುತ್ತಾನೆ. ಇಲ್ಲಿ ಓದಿಗೆ ಸಿಕ್ಕ ಸಮಯ 2 ಗಂಟೆ 45 ನಿಮಿಷ, ಅಂದರೆ ಮೊದಲ ದಾರಿಗಿಂತ 5 ಗಂಟೆ 15 ನಿಮಿಷ ಕಡಿಮೆ. ಅದಕ್ಕೆ ಪ್ರತಿಯಾಗಿ ನಾಲ್ಕು ಮಾಡ್ಯೂಲುಗಳ ನೆನಪಿಗೆ ನಿದ್ರೆಯ ರಕ್ಷಣೆ ಸಿಗುತ್ತದೆ, ಸೋಮವಾರದ ಸಂಜೆಯೂ ಓದಿಗೆ ಉಳಿಯುತ್ತದೆ. ಐದನೆಯ ಮಾಡ್ಯೂಲಿನ 20 ಅಂಕಗಳಿಗಾಗಿ ಜಾಗರಣೆ ಮಾಡುವವರು ಪಣಕ್ಕಿಡುವುದು ಉಳಿದ ನಾಲ್ಕು ಮಾಡ್ಯೂಲುಗಳ 80 ಅಂಕಗಳನ್ನು ಎಂಬುದು ಈ ಲೆಕ್ಕದ ಸಾರ.

ಎರಡು ಮೂರು ಮಾಡ್ಯೂಲುಗಳೇ ಬಾಕಿಯಿದ್ದರೆ ಲೆಕ್ಕ ಬದಲಾಗುತ್ತದೆ. ಓದದೆ ಇರುವುದನ್ನು ನಿದ್ರೆ ಗಟ್ಟಿಗೊಳಿಸಲಾರದು. ಅಂತಹ ಸಂದರ್ಭದಲ್ಲಿ ನಿದ್ರೆಯನ್ನು ಮೊಟಕುಗೊಳಿಸುವುದು ಅನಿವಾರ್ಯವಾಗಬಹುದು. ಆಗಲೂ ರಾತ್ರಿ 10:30ಕ್ಕೆ ಮಲಗಿ 3ಕ್ಕೆ ಎದ್ದು ಓದುವುದು ಪೂರ್ಣ ಜಾಗರಣೆಗಿಂತ ಮೇಲು. ಮೊದಲ ಮೂರು ಆವರ್ತಗಳಲ್ಲಿ ಆಳನಿದ್ರೆಯ ಬಹುಭಾಗ ಮುಗಿದಿರುತ್ತದೆ. ನಸುಕಿನಲ್ಲಿ ಎದ್ದು ಓದುವ ನಾಡಿನ ಹಳೆಯ ರೂಢಿ ಬೇಗ ಮಲಗುವವರಿಗೆ ಮಾತ್ರ ಹೊಂದುತ್ತದೆ. 1 ಗಂಟೆಗೆ ಮಲಗಿ 4ಕ್ಕೆ ಏಳುವುದು ಹೆಸರಿಗೆ ಮಾತ್ರ ನಸುಕಿನ ಓದು. ಆಳನಿದ್ರೆಯಿಂದ ಎದ್ದವರಿಗೆ ಮೊದಲ ಅರ್ಧ ಗಂಟೆ ಮಂಪರು ಇರುವುದರಿಂದ ಕಠಿಣ ಭಾಗವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬಾರದು.

## ಚಹಾ ಮತ್ತು ಕಾಫಿ

ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗಿ ನಿದ್ರೆಯ ಒತ್ತಡ ಹೆಚ್ಚುತ್ತದೆ. ಚಹಾ ಮತ್ತು ಕಾಫಿಯಲ್ಲಿರುವ ಕೆಫೀನ್ ಅಡೆನೊಸಿನ್ ತನ್ನ ಸ್ಥಾನದಲ್ಲಿ ಕೂರದಂತೆ ತಡೆಯುತ್ತದೆ. ಹೀಗಾಗಿ ತೂಕಡಿಕೆ ಮರೆಯಾಗುತ್ತದೆಯೇ ಹೊರತು ಒತ್ತಡ ಇಳಿಯುವುದಿಲ್ಲ, ನಿದ್ರೆಯ ದೃಢೀಕರಣ ಕಾರ್ಯವೂ ನಡೆಯುವುದಿಲ್ಲ. ದೇಹದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು, ಇದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ರಾತ್ರಿ 10ಕ್ಕೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಅರ್ಧದಷ್ಟು ಬೆಳಗಿನ 3ಕ್ಕೂ ಉಳಿದಿರುತ್ತದೆ. ಆದ್ದರಿಂದ 12ಕ್ಕೆ ಮಲಗುವ ಉದ್ದೇಶವಿರುವವರು ಸಂಜೆಯ ನಂತರ ಚಹಾ ಕುಡಿದರೆ ನಿದ್ರೆ ತಡವಾಗಿ ಬರುವ, ಬಂದರೂ ಹಗುರವಾಗುವ ಸಾಧ್ಯತೆಯಿದೆ.

## ಲಕ್ಷಣಗಳು ಮತ್ತು ಅಪಾಯ

ಓದು ದಾಖಲಾಗುತ್ತಿಲ್ಲ ಎಂಬುದನ್ನು ಓದುವವರೇ ಗುರುತಿಸುವುದು ಕಷ್ಟ. ಪದೇ ಪದೇ ನೋಡಿದ ಪುಟವು ಪರಿಚಿತವೆನಿಸುತ್ತದೆ, ಆ ಪರಿಚಯವನ್ನೇ ಮನಸ್ಸು ನೆನಪೆಂದು ಭಾವಿಸುತ್ತದೆ. ಪುಸ್ತಕ ಮುಚ್ಚಿ ಈಗಷ್ಟೇ ಓದಿದ ಪುಟದ ನಾಲ್ಕೈದು ಅಂಶಗಳನ್ನು ಬರೆಯಲು ಯತ್ನಿಸುವುದು ಇದಕ್ಕೆ ಸರಳ ಪರೀಕ್ಷೆ. ಬರೆಯಲಾಗದಿದ್ದರೆ, ಒಂದೇ ಸಾಲನ್ನು ಮೂರು ನಾಲ್ಕು ಬಾರಿ ಓದುವಂತಾದರೆ ಅಥವಾ ಕೆಲವು ಕ್ಷಣ ಕಣ್ಣು ಮುಚ್ಚಿದ್ದು ಅರಿವಿಗೆ ಬಾರದಿದ್ದರೆ ಮುಂದಿನ ಗಂಟೆಗಳ ಓದಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇಂತಹ ಕ್ಷಣಕಾಲದ ನಿದ್ರೆ ಓದಿನ ಮೇಜಿನ ಬಳಿ ನಿರುಪದ್ರವಿಯಾದರೂ ರಸ್ತೆಯಲ್ಲಿ ಪ್ರಾಣಾಂತಿಕವಾಗಬಲ್ಲದು. 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಅವರು ಪ್ರಕಟಿಸಿದ ಪ್ರಯೋಗದಲ್ಲಿ, 24 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಸುಮಾರು 0.10% ಮದ್ಯಸಾರ ಇರುವವರಷ್ಟೇ ಕುಗ್ಗಿತ್ತು. ಭಾರತದ ಮೋಟಾರು ವಾಹನ ಕಾಯ್ದೆಯು ಚಾಲಕರಿಗೆ ವಿಧಿಸಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03%. ರಾತ್ರಿಯಿಡೀ ಓದಿ ಬೈಕಿನಲ್ಲಿ ಪರೀಕ್ಷಾ ಕೇಂದ್ರಕ್ಕೆ ಹೊರಡುವ ವಿದ್ಯಾರ್ಥಿ ಈ ಮಿತಿಯ ಮೂರು ಪಟ್ಟಿಗೆ ಸಮನಾದ ಸ್ಥಿತಿಯಲ್ಲಿರಬಹುದು. ಅಂತಹ ದಿನ ಬಸ್ಸಿನಲ್ಲಿ ಹೋಗುವುದು ಅಥವಾ ನಿದ್ರಿಸಿದವರೊಬ್ಬರು ವಾಹನ ನಡೆಸುವುದು ಸುರಕ್ಷಿತ.

## ಮಿತಿಗಳು

ಮೇಲಿನ ಪ್ರಯೋಗಗಳಲ್ಲಿ ಅನೇಕವು ಕೆಲವೇ ಜನರ ಮೇಲೆ, ಪ್ರಯೋಗಾಲಯದಲ್ಲಿ, ಪದ ಅಥವಾ ಚಿತ್ರಗಳಂತಹ ಸರಳ ಸಾಮಗ್ರಿಯಿಂದ ನಡೆದವು. ಲೆಕ್ಕ ಬಿಡಿಸುವುದು, ಸೂತ್ರ ಸಾಧಿಸುವುದು ಮೊದಲಾದ ಸಂಕೀರ್ಣ ಕೆಲಸಗಳಿಗೆ ಅವುಗಳ ಅಂಕಿಗಳನ್ನು ಯಥಾವತ್ತಾಗಿ ಅನ್ವಯಿಸಲಾಗದು. ಮ್ಯಾಸಚೂಸೆಟ್ಸ್ ಅಧ್ಯಯನವು ನಿದ್ರೆ ಮತ್ತು ಅಂಕಗಳ ನಡುವಿನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ನಿದ್ರೆಯೇ ಕಾರಣವೆಂದು ಸಾಧಿಸುವುದಿಲ್ಲ. ಕ್ರಮವಾಗಿ ಮಲಗುವವರು ಕ್ರಮವಾಗಿ ಓದುವವರೂ ಆಗಿರಬಹುದು.

ಪಾಠದ ಧ್ವನಿಮುದ್ರಣವನ್ನು ಕೇಳುತ್ತಾ ಮಲಗಿದರೆ ಅದು ನೆನಪಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. 1956ರಲ್ಲಿ ವಿಲಿಯಂ ಎಮನ್ಸ್ ಮತ್ತು ಚಾರ್ಲ್ಸ್ ಸೈಮನ್ ಅವರು ಮಿದುಳಿನ ತರಂಗಗಳನ್ನು ಅಳೆದು, ನಿಜವಾಗಿಯೂ ನಿದ್ರಿಸುತ್ತಿದ್ದಾಗ ಕೇಳಿಸಿದ ಪದಗಳು ನೆನಪಿನಲ್ಲಿ ಉಳಿಯುವುದಿಲ್ಲವೆಂದು ತೋರಿಸಿದರು. ನಿದ್ರೆ ಕಾಯುವುದು ಎಚ್ಚರದಲ್ಲಿ ಓದಿದ್ದನ್ನು ಮಾತ್ರ.

ಪರೀಕ್ಷೆಯ ಆತಂಕದಿಂದ ಹಿಂದಿನ ರಾತ್ರಿ ನಿದ್ರೆ ಬಾರದೆ ಹೊರಳಾಡುವುದೂ ಸಾಮಾನ್ಯ. ಇದು ಜಾಗರಣೆಯ ಓದಿಗಿಂತ ಭಿನ್ನ. ಹಿಂದಿನ ವಾರಗಳಲ್ಲಿ ಪಾಠಗಳನ್ನು ಹಂಚಿಕೊಂಡು ಓದಿ, ಪ್ರತಿ ರಾತ್ರಿ ಸಾಕಷ್ಟು ನಿದ್ರಿಸಿದವರ ನೆನಪು ಆಗಲೇ ಬಹುಪಾಲು ದೃಢಗೊಂಡಿರುತ್ತದೆ. ಒಂದು ರಾತ್ರಿಯ ನಿದ್ರಾಭಂಗವು ಅದನ್ನು ಅಳಿಸುವುದಿಲ್ಲ.